ಕರೂರಿನ ಮಾರೆಮ್ಮನವರ ಪರಿಚಯ

ಬಳ್ಳಾರಿ, ಹೆಣ್ಣುಮಕ್ಕಳ ಹಾಸ್ಟೆಲ್
೨೦-೨-೧೯೫೨

ಅವ್ವಾ,

ನಿನ್ನ ಉಚ್ಚೆಂಗಿಯ ಶರಣು. ಕೃಷಿ ಮೇಳ ಮುಗಿದು ಎಂಟು ದಿನವಾದರೂ ಒಂದು ಕಾರ್ಡೂ ಹಾಕಲಿಲ್ಲ, ಕ್ಷಮಿಸು. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದು ಹಾಕಿದೆ. ಈ ಕಾಗದವನ್ನು ಪಕ್ಕದ ಮನೆಯ ಜಡೆಮ್ಮನ ಕೈಗೆ ಓದಲು ಕೊಡಬೇಡ. ನಿನಗೆ ಕೂಡಿಸಿ ಓದಲು ಬರುತ್ತದೆ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ನಿಧಾನವಾಗಿ ನೀನೇ ಓದು.

ಮೇಳದ ದಿನ ನೀನು ಮಾತು ಮುಗಿಸಿ ಇಳಿದವಳೇ ಸಿರುಗುಪ್ಪದ ಬಸ್ಸು ತಪ್ಪುತ್ತದೆಂದು ಹೊರಟುಬಿಟ್ಟೆ. ನಿನ್ನೊಡನೆ ಒಂದು ಮಾತಾಡಲೂ ಆಗಲಿಲ್ಲ. ವೇದಿಕೆಯ ಮೇಲೆ ನಾನು ಅಂದ ಮಾತು ಹೇಗೆ ಬಂತೆಂದು ನಿನಗೆ ತಿಳಿಯಬೇಕು. ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ಕೃಷಿ ಪ್ರದರ್ಶನದ ಕಾರ್ಯದರ್ಶಿ ಗಾದಿಲಿಂಗಪ್ಪನವರು ನಮ್ಮ ಕಾಲೇಜಿಗೆ ಬಂದು, ಹೆಂಗಸರ ಸಭೆಗೆ ಕರೂರಿನಿಂದ ಹಗ್ಗದ ಮಾರೆಮ್ಮ ಬರುತ್ತಾಳೆ, ಅವಳ ಪರಿಚಯ ಮಾಡಲು ಆ ಕಡೆಯ ಹುಡುಗಿ ಯಾರಾದರೂ ಇದ್ದರೆ ಕೊಡಿ ಎಂದರು. ನಮ್ಮ ವಾರ್ಡನ್ ಚನ್ನವೀರಮ್ಮನವರು ನನ್ನ ಹೆಸರು ಹೇಳಿದರು. ಸಿರುಗುಪ್ಪ ತಾಲೂಕಿನವಳು, ಧ್ವನಿ ಗಟ್ಟಿ, ಮದ್ರಾಸಿನಿಂದ ಬರುವ ಸಾಹೇಬರಿಗೆ ಕೊನೆಯಲ್ಲಿ ಎರಡು ಸಾಲು ಇಂಗ್ಲಿಷೂ ಹೇಳಬಲ್ಲಳು ಎಂದು. ‘ಆಕೆ ನಮ್ಮವ್ವ’ ಎಂದು ಆಗಲೇ ಹೇಳಬೇಕಿತ್ತು. ‘ಎಸ್ ಮೇಡಂ’ ಎಂದೆ.

ಪರಿಚಯ ಬರೆಯುವುದು ಸುಲಭವೆಂದುಕೊಂಡಿದ್ದೆ. ನಾಲ್ಕು ಪುಟದ ರಫ್ ಕಾಪಿ ಮಾಡಿದೆ: ಪುಂಡಿ ಬಿತ್ತುವುದು, ಹೂ ಬಿಡುವ ಹೊತ್ತಿಗೆ ಕೊಯ್ದು ಕಟ್ಟು ಕಟ್ಟುವುದು, ಕಾಲುವೆಯ ಮಡುವಿನಲ್ಲಿ ಎರಡು ವಾರ ಕೊಳೆಹಾಕುವುದು, ನಾರು ಸುಲಿದು ತೊಳೆಯುವುದು, ಹೊಸೆಯುವುದು. ವಾರ್ಡನ್ ಓದಿ ಕನ್ನಡಕ ತೆಗೆದರು.

“ಇದನ್ನೆಲ್ಲಾ ನೀನ ಹೇಳಿಬಿಟ್ರ ಆಕಿ ಬಂದು ಏನ್ ಹೇಳಬೇಕು? ನಿಂದು ಬಾಗಿಲಾ ತೆಗಿಯೋ ಕೆಲಸ. ಒಳಗ ಹೋಗಿ ಕುಂದರಬ್ಯಾಡ.”

“ಮಹಾಸಾಧ್ವಿ ಅಂತ ಬರೆದದ್ದು ಇರಲೇನ್ರೀ ಮೇಡಂ?”

“ಸಾಧ್ವಿ ಹೊಸೆದಾಳಂತ ಯಾರೂ ಹಗ್ಗ ಕೊಳ್ಳಾಂಗಿಲ್ಲ. ಹೊಗಳಿಕಿ ತೆಗಿ, ಸಂಗತಿ ಬರಿ. ಈಕೀನ ಯಾಕ ಕರೆಸೀವಿ, ಇವತ್ತು ಯಾಕ ಕೇಳಬೇಕು, ಅಷ್ಟ. ಎರಡು ನಿಮಿಷ. ಹೆಸರು ಕಟ್ಟಕಡೀಗೆ ಹೇಳು, ಚಪ್ಪಾಳಿ ಬೀಳೋದು ಹೆಸರಿಗೆ.”

ಟೈಮ್‌ಪೀಸ್ ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಿಸಿದರು. ಐದು ನಿಮಿಷದ್ದು ಮೂರಕ್ಕೆ ಇಳಿಯಿತು, ಮೂರು ಎರಡಾಯಿತು. ಉಳಿದದ್ದು ಅರ್ಧ ಹಾಳೆ. ‘ನೀವು ಕೂತಿರುವ ಈ ಚಪ್ಪರವನ್ನು ಬಿಗಿದಿರುವ ಹಗ್ಗ ಕರೂರಿನದು’ ಎಂದು ಶುರು. ಎಲ್ಲರೂ ಭತ್ತವನ್ನೇ ನೋಡುತ್ತಿದ್ದಾಗ ಬದುವಿನ ಮೇಲೆ ಪುಂಡಿ ಬಿತ್ತಿದವರು. ಹಸಿ ಕಟ್ಟು ಮಾರಿದರೆ ಏನೂ ಗಿಟ್ಟದೆಂದು ತಾವೇ ನಾರು ತೆಗೆದು ಹಗ್ಗ ಹೊಸೆದವರು. ಎಂಟು ವರ್ಷದ ಹಿಂದೆ ಒಬ್ಬರೇ, ಇಂದು ಅವರ ಅಂಗಳದಲ್ಲಿ ಹನ್ನೊಂದು ಹೆಣ್ಣುಮಕ್ಕಳು. ಸಿರುಗುಪ್ಪದ ಸಂತೆಗೂ ಕುರುಗೋಡಿನ ಬಾವಿಗಳಲ್ಲಿ ನೀರೆತ್ತುವ ಕಪಿಲೆಗೂ ಅವರದೇ ಹಗ್ಗ.

ಆಮೇಲೆ ಗಾದಿಲಿಂಗಪ್ಪನವರು ಹಾಳೆ ನೋಡಿದರು.

“ಗಂಡನ ಹೆಸರೆಲ್ಲಿ ಐತಿ ತಾಯಿ? ಹೆಣ್ಣುಮಗಳಂದ್ರ ಮೊದಲನೇ ಸಾಲಿನಾಗ ಇಂಥವರ ಧರ್ಮಪತ್ನಿ ಅಂತ ಬರಬೇಕು. ಜನ ಕೇಳ್ತಾರ.”

ಅಜ್ಜನಿಗೆ ಗಂಡುಮಕ್ಕಳಿಲ್ಲವೆಂದು ನಿನ್ನನ್ನು ಮದುವೆ ಮಾಡದೆ ದೇವರ ಹೆಸರಿನಲ್ಲಿ ಬಸವಿ ಬಿಟ್ಟು ಮನೆಯಲ್ಲೇ ಮಗನಂತೆ ಉಳಿಸಿಕೊಂಡದ್ದು, ಹೊಲ ನಿನ್ನ ಹೆಸರಿಗೆ ಬಂದದ್ದು, ನಾನು ಹುಟ್ಟಿದಾಗ ಅಜ್ಜನ ಹೆಸರೇ ನನಗೆ ತಂದೆಯ ಹೆಸರಾದದ್ದು, ನಮ್ಮ ಕೇರಿಯಲ್ಲಿ ಯಾರೂ ಬೆರಳು ಮಾಡಿ ತೋರಿಸುವ ಸಂಗತಿಯಲ್ಲ. ಇಲ್ಲಿ ಬಸವಿ ಎಂದರೆ ಹುಡುಗಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ಬಸವಿ ಬಿಡಬಾರದೆಂದು ಈಗ ಕಾನೂನೂ ಬಂದಿದೆ. ನಾನು ತಡವರಿಸಿ, “ತಂದೀ ಹೆಸರು ಹಾಕಬಹುದಲ್ರೀ? ಹೊಲ ತಂದೀದು” ಎಂದು ‘ಕರೂರಿನ ದಿವಂಗತ ಮಾರೆಣ್ಣನವರ ಮಗಳು’ ಎಂದು ಬರೆದುಕೊಟ್ಟೆ.

ಜಾಣತನ ಮಾಡಿದೆನೆಂದುಕೊಂಡೆ. ಆದರೆ ಕಾಲೇಜಿಗೆ ಸೇರುವಾಗ ನನ್ನ ಫಾರಂ ತುಂಬಿಸಿದವರು ವಾರ್ಡನ್ನೇ. ಅದರಲ್ಲಿ ನನ್ನ ತಂದೆಯ ಹೆಸರೂ ಕರೂರಿನ ಮಾರೆಣ್ಣ! ತಿದ್ದಿದ ಹಾಳೆ ನೋಡಿದವರೇ ಅವರು ಕೇಳಿದರು:

“ಅಲ್ಲೇ ಉಚ್ಚೆಂಗೀ, ನಿಮ್ಮಪ್ಪನ ಹೆಸರೂ ಇದ ಅಲ್ಲೇನು? ಹಂಗಾರ ಈಕಿ ನಿಮ್ಮಕ್ಕ ಏನು?”

ತಪ್ಪಿಸಿಕೊಳ್ಳಲು ಅದೊಂದೇ ಬಾಗಿಲು ಕಂಡಿತು ಅವ್ವಾ. “ಹೌದ್ರಿ” ಎಂದೆ.

ಅವರಿಗೆ ಎಷ್ಟು ಸಂತೋಷ! ತಾವೇ ಪೆನ್ನು ತೆಗೆದು ಕೊನೆಗೆ ಒಂದು ಸಾಲು ಸೇರಿಸಿದರು. ‘ಇವರು ನನ್ನ ಅಕ್ಕನೆಂದು ಹೇಳಿಕೊಳ್ಳಲು ನನಗೆ ಹೆಮ್ಮೆ.’ ಮಾತಾಡಲು ಬರುವವರಿಗೆ ಹಾಳೆಯನ್ನು ಮುಂಚೆಯೇ ಕಳಿಸಿ, ಹೆಸರು, ವರ್ಷ, ಲೆಕ್ಕ ಸರಿಯೇ, ಯಾವ ಮಾತು ಬೇಡ ಎಂದು ಕೇಳುವುದು ಪದ್ಧತಿ. “ಅಕ್ಕಗ ಕಳಿಸಿದ್ಯಾ?” ಎಂದು ಕೇಳಿದರು. ಕಳಿಸಿದೆ ಎಂದೆ. ಅದೂ ಸುಳ್ಳು. ಲಕೋಟೆ ನನ್ನ ಟ್ರಂಕಿನಲ್ಲೇ ಇತ್ತು.

ಆ ದಿನ ಮೈಕಿನ ಮುಂದೆ ನಿಂತು ಹಾಳೆ ಓದಿದೆ. ನೀನು ಹಸಿರು ಸೀರೆಯುಟ್ಟು ಕಬ್ಬಿಣದ ಕುರ್ಚಿಯ ತುದಿಯಲ್ಲಿ ಕೂತು ನನ್ನನ್ನೇ ನೋಡಿ ನಗುತ್ತಿದ್ದೆ. ‘ನನ್ನ ಅಕ್ಕ’ ಎಂದಾಗ ನಿನ್ನ ಮುಖ ನೋಡಲು ಧೈರ್ಯವಾಗಲಿಲ್ಲ. ಚಪ್ಪಾಳೆ ಬಿತ್ತು. ನೀನು ಎದ್ದು ಬಂದೆ. ಎಲ್ಲಾ ಮುಗಿಯಿತು, ಈಗ ‘ಯಾರಿಗೆ ಅಕ್ಕನೇ ನಾನು’ ಎನ್ನುತ್ತೀ ಎಂದು ಕಾದೆ.

“ನಮ್ಮ ತಂಗಿ ಓದಿದಾಕಿ, ಎಲ್ಲಾ ಚೆಂದ ಹೇಳ್ಯಾಳ. ನಾ ಓದಿದಾಕಿ ಅಲ್ಲರಿ. ಕೈಲೆ ಮಾಡಿ ತೋರಸ್ತೀನಿ” ಎಂದು ನೀನು ಹಿಡಿ ನಾರು ತೆಗೆದೆ.

ಹಿಂದಿನಿಂದ ಯಾರೋ, “ಗಟ್ಟಿ ಇರತೈತೇನು ಯವ್ವಾ ಹಗ್ಗ?” ಎಂದದ್ದಕ್ಕೆ, “ನಿನ್ನ ಎತ್ತು ಕಟ್ಟಿ ನೋಡಪ್ಪಾ. ಹರೀತಂದ್ರ ಎತ್ತಿನ ಜಾಗಾಕ್ಕ ನಾ ಬಂದು ನಿಂದರತೀನಿ” ಎಂದೆ. ಇಡೀ ಚಪ್ಪರ ನಕ್ಕಿತು. ನಾನೂ ನಕ್ಕೆ. ಹೋಗುವಾಗ ರೊಟ್ಟಿ ಗಂಟನ್ನು ವಾರ್ಡನ್ ಕೈಗೆ ಕೊಟ್ಟು “ನಮ್ಮ ತಂಗಿಗೆ ಕೊಡ್ರಿ” ಎಂದೆಯಂತೆ. ಅಲ್ಲಿಯೂ ನೀನು ಬಾಯಿ ತಪ್ಪಿ ‘ಮಗಳು’ ಎನ್ನಲಿಲ್ಲ.

ಈಗ ಮೇಳದ ವರದಿಯಲ್ಲಿ ಅಚ್ಚು ಹಾಕಲು ಗಾದಿಲಿಂಗಪ್ಪನವರು ಪರಿಚಯದ ಫೇರ್ ಕಾಪಿ ಕೇಳಿದ್ದಾರೆ. ಅಚ್ಚಾದರೆ ಕರೂರಿಗೂ ಬರುತ್ತದೆ, ಕೇರಿಯವರೆಲ್ಲ ಓದಿಸಿಕೊಂಡು ಕೇಳುತ್ತಾರೆ. ನಿನ್ನೆ ವಾರ್ಡನ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ.

“ಫಾರಂನಾಗ ಬರೆದದ್ದು ಬಿಡು, ನಿಮ್ಮ ಕೇರಿ ಪದ್ಧತಿ ಹಂಗೈತಿ. ಮೈಕಿನಾಗ ಅಂದದ್ದು ಸುಳ್ಳು. ಪ್ರಿನ್ಸಿಪಾಲರಿಗೆ ನಾ ಹೇಳಬೇಕಾಗತೈತಿ. ಅವರು ಏನಂತಾರೋ ಗೊತ್ತಿಲ್ಲ.” ಹಾಳೆಯನ್ನು ನನ್ನ ಕೈಗೆ ಕೊಟ್ಟು, “ನಿಮ್ಮವ್ವನ ಕೇಳದ ಈ ಹಾಳಿ ಅಚ್ಚಿಗೆ ಹೋಗಾಂಗಿಲ್ಲ” ಎಂದರು.

ಸೋಮವಾರ ಪ್ರಿನ್ಸಿಪಾಲರು ಕರೆಯುತ್ತಾರೆ. ಹಾಸ್ಟೆಲಿನಿಂದ ತೆಗೆದರೆ ಏನು ಮಾಡಲಿ ಎಂದು ಹೆದರಿಕೆಯಾಗುತ್ತದೆ. ಆದರೂ ಹಾಳೆಯನ್ನು ಇದರೊಡನೆ ಇಟ್ಟಿದ್ದೇನೆ. ಕೊನೆಯ ಸಾಲಿನಲ್ಲಿ ‘ಅಕ್ಕ’ ಹೊಡೆದು ‘ಅವ್ವ’ ಎಂದು ಬರೆದಿದ್ದೇನೆ. ನಿನಗೆ ಸರಿಯೆನಿಸಿದರೆ ಕೆಳಗೆ ನಿನ್ನ ಹೆಸರು ಬರೆದು ಕಳಿಸು. ಬೇಡವಾದರೆ ಬೇಡ.

ನಿನ್ನ ಆಶೀರ್ವಾದ ಬೇಡುವ
ಉಚ್ಚೆಂಗೆಮ್ಮ

ತಾ.ಕ.: ಒಂದು ಮಾತನ್ನು ವಾರ್ಡನ್‌ಗೂ ಹೇಳಿಲ್ಲ. ನೀನು ಮೈಕಿನಲ್ಲಿ ‘ನಮ್ಮ ತಂಗಿ’ ಎಂದಾಗ ನನಗೆ ನಾಚಿಕೆಯಾಗಲಿಲ್ಲ ಅವ್ವಾ, ದುಃಖವೂ ಆಗಲಿಲ್ಲ. ಸದ್ಯ ಬದುಕಿದೆ ಅನ್ನಿಸಿತು. ನೀನು ಬಸ್ಸು ಹತ್ತಿ ಹೋದದ್ದಕ್ಕೂ ಒಳಗೊಳಗೇ ಹಗುರವಾಯಿತು. ಪ್ರಿನ್ಸಿಪಾಲರಿಗಿಂತ ನನಗೆ ಆ ಹಗುರದ್ದೇ ಹೆದರಿಕೆ.