ಅಂಚಿನೊಳಗಿನ ನಾಲ್ಕು ಬೆರಳು ಬಟ್ಟೆ

ಅಜ್ಜ,

ಇವತ್ತು ನಿನ್ನ ನೆನಪಿನ ಸಭೆಯಲ್ಲಿ ನಾನೇ ಮಾತಾಡಿದೆ. ನಾಲ್ಕು ನಿಮಿಷದ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು, ಐದು ಸಲ ಗಟ್ಟಿಯಾಗಿ ಓದಿ, ಓದು ನಿಂತುಹೋದ ಕಡೆಯೆಲ್ಲ ನಿನ್ನ ಹೊಲಿಗೆ ಮೇಜಿನ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದಿದ್ದೆ. ಗೆರೆ ಬಂದಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕು. ನನ್ನಿಂದ ಆಗದಿದ್ದರೆ ಮುಂದಕ್ಕೆ ಓದಲೆಂದು ಅತ್ತೆಯ ಕೈಯಲ್ಲೂ ಒಂದು ಪ್ರತಿ ಇತ್ತು.

ಮೊದಲು ನನ್ನ ಯೂನಿಫಾರ್ಮಿನ ಕಥೆ ಹೇಳಿದೆ. "ಹುಡುಗಿ ಬೆಳೀತಾಳೆ, ಬಟ್ಟೆ ಬೆಳೆಯಲ್ಲ" ಅಂತ ನೀನು ಅಂಚಿನೊಳಗೆ ನಾಲ್ಕು ಬೆರಳು ಬಟ್ಟೆ ಮಡಚಿಟ್ಟು, ಮೂರು ವರ್ಷ ಬಿಚ್ಚುತ್ತಾ ಬಂದದ್ದು. ಹಿಂದಿನ ಸಾಲಿನಲ್ಲಿದ್ದ ಬಸ್ ಡ್ರೈವರ್ ಒಬ್ಬರು ನೀನು ಹೊಲಿದುಕೊಟ್ಟ ತಮ್ಮ ಪ್ಯಾಂಟಿನ ಅಂಚು ಮಗುಚಿ ನೋಡಿ, "ನಂದ್ರಲ್ಲೂ ಇದೆ ಕಣ್ರೀ" ಅಂದರು. ಎಲ್ಲರೂ ನಕ್ಕರು. ಆ ನಗುವೇ ನನ್ನನ್ನು ಕೊನೆಯ ಸಾಲಿನವರೆಗೆ ದಾಟಿಸಿತು. ಅತ್ತೆ ಏಳಬೇಕಾಗಲಿಲ್ಲ.

ಒಂದು ಪ್ಯಾರಾ ಮಾತ್ರ ಓದದೆ ಬಿಟ್ಟೆ. ಅದರ ತುಂಬ ಗೆರೆಗಳೇ ಇದ್ದವು. ಕೊನೆಗೆ ನನಗೆಂದು ಒಂದು ಅಂಗಿ ಹೊಲಿಯುತ್ತಾ, "ಟ್ರಯಲ್‌ಗೆ ಬಾರೇ, ತೋಳು ಇನ್ನೂ ಹಚ್ಚಿಲ್ಲ" ಅಂತ ನೀನು ಎರಡು ಸಲ ಫೋನ್ ಮಾಡಿದ್ದು, ನಾನು ಎರಡು ಸಲವೂ ಮುಂದಿನ ವಾರ ಅಂದದ್ದು.

ಆ ಅಂಗಿ ತೋಳು ಹಚ್ಚಿಸಿಕೊಂಡು, ಇಸ್ತ್ರಿಯಾಗಿ ನಿನ್ನ ಅಂಗಡಿಯಲ್ಲಿ ನೇತಾಡುತ್ತಿತ್ತು. ಅದನ್ನೇ ಹಾಕಿಕೊಂಡು ಓದಿದೆ. ಎಲ್ಲೂ ಬಿಗಿಯಿಲ್ಲ ಅಜ್ಜ. ಮೂವತ್ತು ದಾಟಿದ ನನಗೂ ಅಂಚಿನೊಳಗೆ ನಾಲ್ಕು ಬೆರಳು ಬಟ್ಟೆ ಮಡಚಿಟ್ಟಿದ್ದೀಯ.