ಎಪ್ಪತ್ತೈದರಿಂದ ಶುರು

ಬೇಗೂರು,
ಆಗಸ್ಟ್ 18, 2025

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಆ ಗಡಿಯ ಚಳಿಯಲ್ಲಿ ಬೆಚ್ಚಗಿರು, ಮೀಸೆ ಕಾಣಲೆಂದು ಮಫ್ಲರ್ ಬಿಚ್ಚಿಕೊಂಡು ಓಡಾಡಬೇಡ. ಫೋನಿಗೆ ಸಿಗ್ನಲ್ ಸಿಗುವವರೆಗೆ ಕಾಯುವ ತಾಳ್ಮೆ ನನಗಿಲ್ಲ, ಅದಕ್ಕೇ ಈ ಕಾಗದ. ಅಪ್ಪ ಗಟ್ಟಿಯಾಗಿದ್ದಾರೆ. ಅಮ್ಮನ ವಿಷಯ ಬರೆಯಲು ಒಂದು ಪುಟ ಸಾಲದು.

ಚಾಮರಾಜನಗರದ ಜೋಡಿ ಕ್ವಿಜ್ ಈ ವರ್ಷ ಮತ್ತೆ ನಡೆಯಿತು. ಒಂದು ಮನೆಯಿಂದ ಇಬ್ಬರು, ಮೂರು ಸಲ ಗೆದ್ದ ಮನೆಗೆ ಶೀಲ್ಡ್ ಶಾಶ್ವತ, ನಿನಗೆ ನೆನಪಿದೆಯಲ್ಲ. ನೀನು ಸೈನ್ಯಕ್ಕೆ ಸೇರುವ ಮುಂಚೆ ನಾವಿಬ್ಬರೂ ಎರಡು ಸಲ ಗೆದ್ದೆವು. ಗುಂಡ್ಲುಪೇಟೆಯ ಈರುಳ್ಳಿ ಮಂಡಿ ಸೋಮಶೇಖರ್ ಮತ್ತು ಅವರ ಮಗ ಸಾಗರ್ ಕೂಡ ಎರಡು ಸಲ ಗೆದ್ದಿದ್ದಾರೆ. ಅಂದರೆ ಈ ಸಲ ಅವರು ಗೆದ್ದರೆ ಶೀಲ್ಡ್ ನಮ್ಮ ಕೈಗೆ ಇನ್ನೆಂದೂ ಸಿಗುತ್ತಿರಲಿಲ್ಲ. ಒಲಿಂಪಿಕ್ಸ್, ಅಥ್ಲೆಟಿಕ್ಸ್, ಸಾಮಾನ್ಯ ಜ್ಞಾನ ನನ್ನ ತಲೆಯಲ್ಲಿ ಗಟ್ಟಿಯಾಗಿದೆ. ಕ್ರಿಕೆಟ್ ಮಾತ್ರ ನಿನ್ನ ಪಾಲು, ಅದು ನಿನ್ನ ಜೊತೆ ರೈಲು ಹತ್ತಿ ಹೋಯಿತು. ಜೋಡಿ ಯಾರು ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಅಮ್ಮ ಹಾಲು ಕರೆಯುತ್ತಾ ಏನೋ ಗುನುಗುತ್ತಿದ್ದರು. ಕಿವಿಗೊಟ್ಟರೆ ವಿಶ್ವಕಪ್ ಫೈನಲ್ಲುಗಳು! ನೀನು ಅಂಗಳದಲ್ಲಿ ಅಡ್ಡಾಡುತ್ತಾ ಉರು ಹೊಡೆಯುತ್ತಿದ್ದೆಯಲ್ಲ, ಅದೇ ರಾಗ, ನಡುವೆ ನೀನು ಉಸಿರೆಳೆಯುತ್ತಿದ್ದ ಜಾಗವೂ ಅದೇ. ಆದರೆ ಒಂದು ತೊಡಕು. ಅಮ್ಮನಿಗೆ ನಡುವಿನಿಂದ ಹೇಳಲು ಬರುವುದಿಲ್ಲ. ಯಾವ ವರ್ಷ ಕೇಳಿದರೂ ಎಪ್ಪತ್ತೈದರಿಂದಲೇ ಶುರು. ಆದರೂ ಅಮ್ಮನನ್ನೇ ಜೋಡಿ ಮಾಡಿಕೊಂಡು ಹೊರಟೆ.

ನೇರ ಪ್ರಶ್ನೆಗೆ ಮೂವತ್ತು ಸೆಕೆಂಡು, ಹತ್ತು ಅಂಕ, ಎದುರಿನವರು ತಪ್ಪಿ ದಾಟಿ ಬಂದದ್ದಕ್ಕೆ ಐದು. ಮೊದಲ ಸುತ್ತುಗಳಲ್ಲಿ ನಮಗೇನೂ ಭಯವಿರಲಿಲ್ಲ. ಐವತ್ತಾರರ ಮೆಲ್ಬರ್ನ್ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆಗಳು ಎಲ್ಲಿ ನಡೆದವು ಎಂದು ಸಾಗರ್‌ನನ್ನು ಕೇಳಿದರು. ಅವನು ಇಂಜಿನಿಯರಿಂಗ್ ಓದುವವನು, ಬುದ್ಧಿ ಓಡಿಸಿದ. ಪಕ್ಕದ ಊರೇ ಇರಬೇಕೆಂದು ಸಿಡ್ನಿ ಅಂದ. ಪ್ರಶ್ನೆ ನಮಗೆ ದಾಟಿತು, ಸ್ಟಾಕ್‌ಹೋಮ್ ಅಂದೆ. ಹೊರಗಿನ ಕುದುರೆಗಳನ್ನು ಆಸ್ಟ್ರೇಲಿಯಾದವರು ಒಳಗೆ ಬಿಡಲಿಲ್ಲ, ಅಷ್ಟು ದೂರ ಹೋಗಬೇಕಾಯಿತು. ಇಂಥದ್ದು ಯೋಚಿಸಿದರೆ ಬರುತ್ತದೆಯೇ? ನೆನಪಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಿ.ಟಿ. ಉಷಾಗೆ ಲಾಸ್ ಏಂಜಲೀಸ್‌ನಲ್ಲಿ ಕಂಚು ತಪ್ಪಿದ ಅಂತರವನ್ನೂ ಕೇಳಿದರು. ಸೆಕೆಂಡಿನ ನೂರನೇ ಒಂದು ಭಾಗ, ನಿದ್ದೆಯಲ್ಲೂ ಹೇಳುತ್ತೇನೆ. ಆದರೂ ಸೋಮಶೇಖರ್ ಕ್ರಿಕೆಟ್ ಸುತ್ತನ್ನೆಲ್ಲ ಬಾಚಿಕೊಂಡು ಸಮ ಮಾಡಿಬಿಟ್ಟರು.

ಕೊನೆಗೆ ಬಜ಼ರ್‌ನಲ್ಲಿ ಒಂದೇ ಪ್ರಶ್ನೆ. ಒತ್ತಿದ ಕೂಡಲೇ ಓದುವುದು ನಿಲ್ಲುತ್ತದೆ, ಹತ್ತು ಸೆಕೆಂಡಿನಲ್ಲಿ ಉತ್ತರ ಬರಬೇಕು, ತಪ್ಪಿದರೆ ಎದುರಿನವರು ಗೆದ್ದಂತೆ. ಕ್ವಿಜ್ ನಡೆಸುತ್ತಿದ್ದ ನಿವೃತ್ತ ಪಿ.ಟಿ. ಮೇಷ್ಟ್ರು ಶಾಂತಮಲ್ಲಪ್ಪನವರು “ತೊಂಬತ್ತಾರರ ಏಕದಿನ ವಿಶ್ವಕಪ್ ಫೈನಲ್ ನಡೆದ” ಎನ್ನುವಷ್ಟರಲ್ಲಿ ನಾನು ಒತ್ತಿಬಿಟ್ಟೆ. ಕೇಳುವುದು ಊರನ್ನೇ ಎಂದು ಖಾತ್ರಿಯಿತ್ತು. ಅಮ್ಮನ ಮೊಣಕೈ ತಿವಿದೆ. ಅಮ್ಮ ಕಣ್ಣು ಮುಚ್ಚಿ ಶುರು ಮಾಡಿದರು: “ಎಪ್ಪತ್ತೈದು ಲಾರ್ಡ್ಸು, ಎಪ್ಪತ್ತೊಂಬತ್ತು ಲಾರ್ಡ್ಸು, ಎಂಬತ್ಮೂರು ಲಾರ್ಡ್ಸು, ಎಂಬತ್ತೇಳು ಕಲ್ಕತ್ತ, ತೊಂಬತ್ತೆರಡು ಮೆಲ್ಬರ್ನು, ತೊಂಬತ್ತಾರು ಲಾವೋರು...” ಲಾಹೋರ್ ಬಾಯಿಂದ ಬಿದ್ದ ಮೇಲಷ್ಟೇ ಗಂಟೆ ಹೊಡೆಯಿತು. ಅಮ್ಮನಿಗೆ ಗಂಟೆಯ ಪರಿವೆಯೇ ಇಲ್ಲ, ಜೋಹಾನ್ಸ್‌ಬರ್ಗ್ ದಾಟಿ ಹೋಗುತ್ತಿದ್ದರು. ಸಾಗರ್ ಎದ್ದು, “ಮೊದ್ಲು ಏಳಿದ್ದು ಲಾರ್ಡ್ಸು ಸಾ, ಮೊದುಲ್ನೇ ಉತ್ರನೇ ಲೆಕ್ಕ” ಎಂದ. ಮೇಷ್ಟ್ರು ನಕ್ಕು, “ನಾನ್ ಕೇಳಿದ್ದು ತೊಂಬತ್ತಾರು ಕಣಪ್ಪ. ತೊಂಬತ್ತಾರಕ್ಕೆ ಆ ತಾಯಿ ಏಳಿದ್ದು ಒಂದೇ ಊರು” ಅಂದರು. ಸೋಮಶೇಖರ್ ಮಗನನ್ನು ಕೂರಿಸಿ, ತಾವೇ ಬಂದು ಅಮ್ಮನಿಗೆ ಕೈ ಮುಗಿದರು. ಬಸ್ಸಿನಲ್ಲಿ ಅಮ್ಮ ಕೇಳಿದ್ದೇನು ಗೊತ್ತೇ? “ಫೈನಲ್ಲು ಅಂದ್ರೆ ಊಟ ಅಲ್ವ ಕಣಮ್ಮಿ? ಲಾರ್ಡ್ಸವ್ರು ಯಾರೋ ದೊಡ್ ಮನ್ಸ, ಅಷ್ಟ್ ಸಲ ಆಕ್ಸವ್ರೆ ಅನ್ಕಂಡಿದ್ದೆ.”

ಶೀಲ್ಡ್ ಈಗ ನಿನ್ನ ಫೋಟೋದ ಪಕ್ಕ ಕೂತಿದೆ, ಇನ್ನು ಅಲ್ಲಾಡುವುದಿಲ್ಲ. ಅಪ್ಪ ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ. ಅವಸರಪಟ್ಟು ಉಣ್ಣಬೇಡ.

ಗೆದ್ದು ಬಂದ ನಿನ್ನ ತಂಗಿ,
ರಮ್ಯ

ತಾ.ಕ.: ಅಂಚೆಯವರು ಬಂದರು, ಬೇಗ ಬರೆಯುತ್ತಿದ್ದೇನೆ. ಅಮ್ಮನ ಪಟ್ಟಿ ಹತ್ತೊಂಬತ್ತರ ಲಾರ್ಡ್ಸ್‌ಗೆ ನಿಂತಿದೆ, ನೀನು ಮನೆ ಬಿಟ್ಟ ವರ್ಷ. ಇಪ್ಪತ್ಮೂರರದ್ದು ನಾನು ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತಲಿಲ್ಲ. “ನೀ ಏಳುದ್ರೆ ನಿಲ್ಲಕಿಲ್ಲ ಕಣಮ್ಮಿ, ಅವ್ನೇ ಬಂದ್ ಏಳ್ಲಿ” ಅಂದರು. ಈ ದಸರಾ ರಜೆಯನ್ನೂ ಬೇರೆಯವರಿಗೆ ಬಿಟ್ಟುಕೊಡಬೇಡ ಅಣ್ಣಾ. ಬಾ. ಅಂಗಳದಲ್ಲಿ ಅಡ್ಡಾಡುತ್ತಾ ಅಹಮದಾಬಾದ್ ಅಂತ ಒಂದು ಸಲ ಅಂದು ಹೋಗು.