ಕಳೆದ ವರ್ಷಕ್ಕಿಂತ ಈಗ ಹೇಗಿದೆ?

ಮಾರ್ಚ್ 4, ಸಂಜೆ

ನಲವತ್ತೊಂದು ಫೋನ್. ಗಂಟಲು ಕಟ್ಟಿದೆ. ಸರ್ವೆಯ ಮೂರನೇ ಸುತ್ತು, ಈ ತಿಂಗಳ ಕೊನೆಗೆ ಮತದಾನ. ನಾಲ್ಕು ವರ್ಷದಿಂದ ಅದೇ ಸಾವಿರದ ಇನ್ನೂರು ಜನ, ಅವೇ ಪ್ರಶ್ನೆಗಳು. ಕಳೆದ ವರ್ಷಕ್ಕಿಂತ ದೇಶದ ಆರ್ಥಿಕ ಸ್ಥಿತಿ ಹೇಗಿದೆ? ನಿಮ್ಮ ಮನೆಯದು? ಯಾವ ಪಕ್ಷ ಹತ್ತಿರ? ಓಟು ಯಾರಿಗೆ?

ಮೊದಲ ಸುತ್ತಿನಲ್ಲಿ ಎದುರು ಪಕ್ಷದ ಸರ್ಕಾರ. ಚುನಾವಣೆಯಾಗಿ ನಮ್ಮ ಪಕ್ಷ ಬಂದ ಮೂರೇ ತಿಂಗಳಿಗೆ ಎರಡನೆಯದು. ‘ನಮ್ಮ’ — ಆಫೀಸಿನಲ್ಲಿ ಈ ಮಾತು ಬಾಯಿಗೆ ಬರಕೂಡದು. ಆದರೆ ನಾವು ಮನೆ ಮಾಡಿರುವುದೇ ಪಕ್ಷದ ಕಚೇರಿಯ ಮೇಲಿನ ಎರಡು ಕೋಣೆಯಲ್ಲಿ. ಅಪ್ಪ ವಾರ್ಡ್ ಕಾರ್ಯದರ್ಶಿ. ತಾತನೂ ಆಗಿದ್ದರು.

ಮಾರ್ಚ್ 5

ಬಾಸ್ ಕುಣಿಯುತ್ತಿದ್ದಾರೆ. ಸ್ಥಿತಿ ಸುಧಾರಿಸಿದೆ ಎಂದವರಲ್ಲಿ ನೂರಕ್ಕೆ ಎಂಬತ್ತು ಜನ ಸರ್ಕಾರಕ್ಕೇ ಓಟು ಎಂದಿದ್ದಾರಂತೆ.

“ನೋಡಮ್ಮ, ಜನ ಹೊಟ್ಟೆ ಮುಟ್ಟಿ ನೋಡ್ಕೊಂಡು ಓಟು ಹಾಕ್ತಾರೆ. ಪೇಪರಿನವರಿಗೆ ಇದೇ ಹೆಡ್ಡಿಂಗು.”

“ಸಾರ್, ಮೊದಲು ಪಕ್ಷ ಇಷ್ಟವಾಗಿ, ಅದಕ್ಕೇ ಸ್ಥಿತಿ ಚೆನ್ನಾಗಿ ಕಂಡಿದ್ರೆ?”

“ಪ್ರೂವ್ ಮಾಡು. ಸೋಮವಾರದೊಳಗೆ.”

ಮಾರ್ಚ್ 8

ಮಾಡಿದೆ. ಈಗಿನ ಮಾತು ಬಿಟ್ಟು, ಮೊದಲ ಸುತ್ತಿನಲ್ಲಿ ಹೇಳಿದ ಪಕ್ಷದ ಪ್ರಕಾರ ಜನರನ್ನು ವಿಂಗಡಿಸಿದೆ. ನಮ್ಮ ಪಕ್ಷದವರು ಆಗ ‘ದೇಶ ಹಾಳಾಯಿತು’ ಎಂದಿದ್ದರು. ಸರ್ಕಾರ ಬದಲಾದ ಮೂರು ತಿಂಗಳಿಗೆ ‘ಸುಧಾರಿಸಿದೆ’. ಎದುರು ಪಕ್ಷದವರದು ತದ್ವಿರುದ್ಧ. ಆ ಮೂರು ತಿಂಗಳಲ್ಲಿ ಬೆಲೆ, ಕೆಲಸ ಎರಡೂ ಇದ್ದ ಹಾಗೇ ಇದ್ದವು. ಬದಲಾದದ್ದು ಕುರ್ಚಿಯಲ್ಲಿ ಕೂತವರು ಮಾತ್ರ.

ಯಾವ ಪಕ್ಷವೂ ಇಲ್ಲ ಎಂದವರು ಐವರಲ್ಲಿ ಒಬ್ಬರು. ಅವರ ಉತ್ತರ ಮಾತ್ರ ನಿಜ ಸ್ಥಿತಿಯ ಬೆನ್ನು ಹಿಡಿದು ಹೋಗಿದೆ. ಕಾರ್ಖಾನೆಗಳು ಮುಚ್ಚಿದ ಮೇಲಿನ ಈ ಸುತ್ತಿನಲ್ಲಿ ಕೆಟ್ಟಿದೆ ಎಂದರು, ಓಟನ್ನೂ ತಿರುಗಿಸುತ್ತೇವೆ ಎಂದರು. ಅದೂ ಸ್ವಂತ ಮನೆಯ ಕಷ್ಟಕ್ಕಿಂತ ದೇಶದ ಸ್ಥಿತಿ ನೋಡಿ.

ಬಾಸ್ ಹೇಳುವುದೂ ಸರಿ, ನಾನು ಹೇಳುವುದೂ ಸರಿ. ಜನ ಬೇರೆ ಬೇರೆ, ಅಷ್ಟೆ. ಗೆಲುವು ಸೋಲು ಆ ಐದನೆಯವರ ಕೈಯಲ್ಲಿ.

ಮಾರ್ಚ್ 9, ಮಧ್ಯಾಹ್ನ

ಅಣ್ಣನಿಗೆ ಪ್ರಶ್ನೆ ಹಾಕಿದೆ, ಸುಮ್ಮನೆ. ಬಾಟಲಿ ಕಾರ್ಖಾನೆಯ ಕುಲುಮೆಯಲ್ಲಿ ಹದಿನಾಲ್ಕು ವರ್ಷ ದುಡಿದವನು. ನಮ್ಮ ಸರ್ಕಾರ ಹೊರಗಿನ ಬಾಟಲಿಗಳ ಮೇಲಿನ ಸುಂಕ ತೆಗೆಯಿತು. ಕಾರ್ಖಾನೆ ಮುಚ್ಚಿತು. ವರ್ಷದಿಂದ ಮನೆಯಲ್ಲಿದ್ದಾನೆ.

“ದೇಶದ ಸ್ಥಿತಿ?”

“ಪರವಾಗಿಲ್ಲ ಕಣೆ.”

“ನಿನ್ನ ಕೆಲಸ?”

“ಅದು ಮ್ಯಾನೇಜರ್ ಮನೆಹಾಳತನ. ಸರ್ಕಾರ ಏನು ಮಾಡುತ್ತೆ?”

“ಎದುರು ಪಕ್ಷದವರು ಸುಂಕ ತೆಗೆದಿದ್ರೆ?”

ಅಣ್ಣ ಎದ್ದು ಬಾಲ್ಕನಿಗೆ ಹೋದ. ಕೆಳಗೆ ಅಪ್ಪ ಬ್ಯಾನರಿಗೆ ಹಗ್ಗ ಬಿಗಿಯುತ್ತಿದ್ದರು. ಅಣ್ಣ ಇಳಿದು ಏಣಿ ಹಿಡಿದ.

ನಗು ಬಂತು. ಇವನು ನನ್ನ ಟೇಬಲ್ಲಿನ ಒಂದು ಅಂಕಿ — ಅನ್ನಿಸಿತು. ಜಾಣೆ ನಾನು.

ಮಾರ್ಚ್ 11

ಹಳೇ ಫೈಲಿನಲ್ಲಿ ನನ್ನವೇ ಫಾರಂಗಳು ಸಿಕ್ಕವು. ಪ್ರತಿ ಸುತ್ತಿಗೂ ಮುಂಚೆ ಸಿಬ್ಬಂದಿ ತುಂಬುವ ಟ್ರಯಲ್. ಮೊದಲ ಸುತ್ತು: ಮನೆಯ ಸ್ಥಿತಿ ‘ತುಂಬ ಕೆಟ್ಟಿದೆ’. ಆಗ ಅಣ್ಣನಿಗೆ ಕೆಲಸವಿತ್ತು. ನನಗೆ ಅದೇ ತಿಂಗಳು ಬಡ್ತಿ. ಕಳೆದ ತಿಂಗಳದ್ದು: ‘ಪರವಾಗಿಲ್ಲ’.

ಅಣ್ಣನ ಪದವೇ. ನನ್ನ ಕೈಬರಹ.

ಮಾರ್ಚ್ 12

ಈ ಸಲ ಎದುರು ಪಕ್ಷಕ್ಕೆ ಹಾಕುತ್ತೇನೆ. ಲೆಕ್ಕ ನೇರ: ಆಳಿದವರ ಕಾಲದಲ್ಲಿ ಕೆಟ್ಟಿತು, ಆಳಿದವರು ಇಳಿಯಲಿ. ಯಾರಿಗೂ ಹೇಳಿಲ್ಲ. ಊಟಕ್ಕೆ ಕೂತಾಗ ಅಪ್ಪನ ಮುಖ ನೋಡಲಾಗಲಿಲ್ಲ. “ಹುಷಾರಿಲ್ವೇನೆ?” ಎಂದರು ಅಮ್ಮ.

ಮಾರ್ಚ್ 29, ಮತದಾನ

ಬೆಳಿಗ್ಗೆ ಎಂಟಕ್ಕೇ ಕ್ಯೂ. ಮುಂದೆ ಅಪ್ಪ, ಹಿಂದೆ ಅಣ್ಣ. ರಟ್ಟಿನ ಮರೆಯ ಹಿಂದೆ ನಾನೊಬ್ಬಳೇ. ಯಾರೂ ನೋಡುತ್ತಿರಲಿಲ್ಲ.

ಇನ್ನೊಂದು ಅವಕಾಶ ಕೊಟ್ಟು ನೋಡಬಾರದೇಕೆ… ಒಂದೇ ಅವಧಿಯಲ್ಲಿ ಯಾರು ತಾನೇ ಏನು ಮಾಡಿಯಾರು… ಹೊರಗಿನ ಮಾರುಕಟ್ಟೆಯೇ ಹಾಗಿದೆ…

ನಮ್ಮ ಪಕ್ಷಕ್ಕೇ ಹಾಕಿದೆ. ಕಾರಣಗಳು ಎಷ್ಟು ಬೇಗ ಬಂದವು! ಒಂದೂ ಸುಳ್ಳಾಗಿ ಕಾಣಲಿಲ್ಲ. ಅದೇ ಭಯ.

ಏಪ್ರಿಲ್ 6

ಸೋತೆವು. ಪಕ್ಷದವರು ಅಲುಗಾಡಿಲ್ಲ, ಯಾವ ಪಕ್ಷವೂ ಇಲ್ಲದವರು ತಿರುಗಿದರು. ನನ್ನ ವರದಿ ನಿಜವಾಯಿತು. ಬಾಸ್ ಸ್ವೀಟ್ ಹಂಚಿದರು. ಮನೆಯಲ್ಲಿ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.

ಏಪ್ರಿಲ್ 14

ಅಮ್ಮ ಮಾರ್ಕೆಟ್ಟಿನಿಂದ ಬಂದು ಚೀಲ ಕುಕ್ಕಿದರು. “ಇವರು ಬಂದಿದ್ದೇ ಬಂದಿದ್ದು, ಎಲ್ಲಕ್ಕೂ ಬೆಂಕಿ ಬಿದ್ದಿದೆ.” ಚೀಟಿ ನೋಡಿದೆ. ಹೋದ ತಿಂಗಳಿನ ಬೆಲೆಯೇ. ಅಣ್ಣ ತಲೆ ಎತ್ತಿದ. “ನನ್ನ ಕೆಲಸ ಇನ್ನು ಸಿಕ್ಕ ಹಾಗೇ. ಸುಂಕ ತೆಗೆದು ಹಾಳು ಮಾಡಿದ್ರು.”

“ತೆಗೆದಿದ್ದು ಯಾರು ಅಣ್ಣ?”

“ಯಾರಾದ್ರೇನು, ವಾಪಸ್ ಹಾಕ್ಬೇಕಾದವರು ಈಗ ಇವರಲ್ವಾ?”

ಏಪ್ರಿಲ್ 15, ಆಫೀಸು

ನಾಲ್ಕನೇ ಸುತ್ತಿನ ಟ್ರಯಲ್. ಹೊಸದಾಗಿ ಸೇರಿದ ಹುಡುಗಿ ನನ್ನನ್ನೇ ಕೂರಿಸಿ ಕೇಳಿದಳು, ಪುಸ್ತಕದಲ್ಲಿದ್ದಂತೆ, ನಿಧಾನವಾಗಿ. ಕಳೆದ ವರ್ಷಕ್ಕಿಂತ ದೇಶದ ಸ್ಥಿತಿ ಹೇಗಿದೆ ಮೇಡಂ?

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಯೋಚನೆಗೆ ಮೊದಲೇ. ಹಲ್ಲು ಕಚ್ಚಿದೆ. ಬೆಲೆ ನೆನೆದೆ, ಅಣ್ಣನನ್ನು ನೆನೆದೆ, ಫಲಿತಾಂಶ ಬಂದು ಒಂಬತ್ತೇ ದಿನ ಎಂದುಕೊಂಡೆ. ಆಮೇಲೂ ಅದೇ ಪದ: ‘ಕೆಟ್ಟಿದೆ’.

“ಮೇಡಂ? ಏನಂತ ಬರ್ಕೊಳ್ಳಲಿ?”

ಬರ್ಕೊಳ್ಳಮ್ಮ, ಎಂದೆ —